‘ಯಾರಾದ್ರೂ ಇದ್ರೆ ಹೇಳಿ’ ಅಂದ್ರೆ ಯಾರೂ ನೆನಪಾಗುವುದಿಲ್ಲ: ಸ್ವಂತ ಕೆಲಸ ಶುರು ಮಾಡಿದಾಗ ಹಳೆಯ ಪರಿಚಯದವರಿಗೆ ಬರೆಯುವ ಮೆಸೇಜ್

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ನಾನು 11 ವರ್ಷ ಇದ್ದೆ. ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತಿತ್ತು. ಅಮ್ಮನನ್ನು ನೋಡಿಕೊಳ್ಳಬೇಕಾಗಿ ಬಂದಾಗ ಕೆಲಸ ಬಿಟ್ಟೆ. ಅದೇ ಕೆಲಸವನ್ನು ಸಣ್ಣ ಘಟಕಗಳಿಗೆ ಮನೆಯಿಂದಲೇ ಮಾಡಿಕೊಡೋಣ ಅಂತ ತೀರ್ಮಾನಿಸಿದೆ. ಬಿಟ್ಟ ಎರಡನೇ ವಾರ ಫೋನಿನಲ್ಲಿದ್ದ 180 ಜನರಿಗೆ ಒಂದೇ ಸಲ ವಾಟ್ಸಾಪ್ ಬ್ರಾಡ್‌ಕಾಸ್ಟ್ ಕಳಿಸಿದೆ.

‘ಆತ್ಮೀಯರೇ, ನಾನು ಈಗ ಸ್ವತಂತ್ರವಾಗಿ ಅಕೌಂಟ್ಸ್, ಪೇರೋಲ್ ಮತ್ತು ಎಲ್ಲ ರೀತಿಯ ಕಚೇರಿ ಸೇವೆಗಳನ್ನು ಒದಗಿಸುತ್ತಿದ್ದೇನೆ. ಯಾರಿಗಾದರೂ ಅಗತ್ಯವಿದ್ದರೆ ದಯವಿಟ್ಟು ತಿಳಿಸಿ.’

ಮೂವತ್ತಕ್ಕೂ ಹೆಚ್ಚು ‘ಆಲ್ ದ ಬೆಸ್ಟ್’ ಬಂದವು. ಹೆಬ್ಬೆರಳು, ಹೂಗುಚ್ಛ, ಕೈಮುಗಿದ ಚಿತ್ರ ಬಂದವು. ಇಬ್ಬರು ನೌಕರಿ ಖಾಲಿ ಇದೆ ಅಂತ ಲಿಂಕ್ ಕಳಿಸಿದರು. ಕೆಲಸ ಮಾತ್ರ ಒಂದೂ ಬರಲಿಲ್ಲ.

ನಾಲ್ಕು ತಿಂಗಳ ನಂತರ ಮತ್ತೆ ಬರೆದೆ. ಈ ಸಲ 46 ಜನರಿಗೆ, ಒಬ್ಬೊಬ್ಬರಿಗೇ. ಅದರಿಂದ ಸಿಕ್ಕಿದ್ದು ಐದು ಪರಿಚಯ, ಮೂರು ಕಾಯಂ ಗಿರಾಕಿಗಳು. ಜನ ಅವರೇ, ಕೆಲಸವೂ ಅದೇ. ಬದಲಾದದ್ದು ಮೆಸೇಜ್ ಮತ್ತು ಅದನ್ನು ಕಳಿಸಿದ ರೀತಿ. ಏನು ಬದಲಾಯಿಸಿದೆ, ಯಾಕೆ ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ನನ್ನ ಉದಾಹರಣೆ ಪೇರೋಲ್‌ನದು. ನೀವು ಡಿಸೈನರ್ ಆಗಿದ್ದರೆ, ಅನುವಾದ ಅಥವಾ ಟ್ಯೂಷನ್ ಮಾಡುವವರಾಗಿದ್ದರೆ ಆ ಜಾಗದಲ್ಲಿ ನಿಮ್ಮ ಕೆಲಸವನ್ನು ಇಟ್ಟು ನೋಡಿ.

ಮೊದಲು: ಯಾರಿಗೆ, ಯಾವಾಗ ನಿಮ್ಮ ಅಗತ್ಯ ಬೀಳುತ್ತದೆ?

‘ಯಾರಿಗಾದರೂ ಅಗತ್ಯವಿದ್ದರೆ’ ಅಂತ ಓದಿದವರ ತಲೆಯಲ್ಲಿ ಯಾರ ಮುಖವೂ ಬರುವುದಿಲ್ಲ. ಅವರಿಗೆ ಸಹಾಯ ಮಾಡುವ ಮನಸ್ಸಿಲ್ಲ ಅಂತಲ್ಲ. ಪರಿಚಯದ 500 ಜನರನ್ನು ಕೂತು ಸೋಸುವುದಕ್ಕೆ ಯಾರಿಗೆ ಪುರುಸೊತ್ತಿದೆ? ಆ ಸೋಸುವ ಕೆಲಸವನ್ನು ನಾವೇ ಮಾಡಿ ಕೊಡಬೇಕು.

ಅದಕ್ಕೆ ಒಂದು ವಾಕ್ಯ ಸಾಕು. ಅದರಲ್ಲಿ ಮೂರು ವಿಷಯ ಇರಬೇಕು: ಎಂಥ ವ್ಯಕ್ತಿ, ಅವರಿಗೆ ಯಾವ ಹೊತ್ತಿನಲ್ಲಿ ತೊಂದರೆ ಶುರುವಾಗುತ್ತದೆ, ಅದು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ. ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ. ಪರಿಚಯ ಮಾಡಿಸುವವರಿಗೆ ಬೇಕಾಗುವುದು ಅದೇ.

ನನ್ನ ಕೆಲಸದಲ್ಲಿ ಆ ಹೊತ್ತನ್ನು ಕಾನೂನೇ ಗುರುತು ಮಾಡಿಕೊಟ್ಟಿದೆ. ಕಾರ್ಖಾನೆಯಲ್ಲಿ 10 ಜನ ಕೆಲಸಗಾರರಾದರೆ ಇಎಸ್‌ಐ ಕಡ್ಡಾಯ, 20 ಜನರಾದರೆ ಪಿಎಫ್ ಕೂಡ. ಅಲ್ಲಿಯ ತನಕ ಮಾಲೀಕರು ಒಂದು ನೋಟ್‌ಬುಕ್‌ನಲ್ಲಿ ಸಂಬಳ ಬರೆದುಕೊಂಡು ನಿಭಾಯಿಸುತ್ತಾರೆ. ಹತ್ತನೇ ಮನುಷ್ಯ ಸೇರಿದ ಮೇಲೆ ಪ್ರತಿ ತಿಂಗಳು 15ನೇ ತಾರೀಖಿನೊಳಗೆ ಹಿಂದಿನ ತಿಂಗಳ ಇಎಸ್‌ಐ ಹಣ ಕಟ್ಟಬೇಕು. ತಿಂಗಳಿಗೆ 16,000 ಸಂಬಳದ ಒಬ್ಬ ಕೆಲಸಗಾರನಿಗೆ ಅವನ ಪಾಲು 0.75 ಶೇಕಡಾ ಅಂದರೆ 120 ರೂಪಾಯಿ, ಮಾಲೀಕರ ಪಾಲು 3.25 ಶೇಕಡಾ ಅಂದರೆ 520 ರೂಪಾಯಿ. ಲೆಕ್ಕ ಕಷ್ಟದ್ದಲ್ಲ. ಆದರೆ ತಿಂಗಳು ತಿಂಗಳೂ ತಪ್ಪದೆ ಮಾಡಬೇಕು, ಹೊಸಬರನ್ನು ಸೇರಿಸಬೇಕು, ಬಿಟ್ಟವರನ್ನು ತೆಗೆಯಬೇಕು. ಮಾಲೀಕರಿಗೆ ತಲೆನೋವು ಶುರುವಾಗುವುದು ಅಲ್ಲಿ.

ಹಾಗಾಗಿ ನನ್ನ ವಾಕ್ಯ ಹೀಗಾಯಿತು: ‘10ರಿಂದ 40 ಜನ ಕೆಲಸ ಮಾಡುವ ಘಟಕ, ಆಫೀಸಿಗೆ ಅಂತ ಬೇರೆ ಜನ ಇಲ್ಲ, ಮಾಲೀಕರೋ ಅವರ ಮನೆಯವರೋ ರಾತ್ರಿ ಕೂತು ಸಂಬಳದ ಲೆಕ್ಕ ಹಾಕುತ್ತಾರೆ.’ ‘ರಾತ್ರಿ ಕೂತು’ ಅನ್ನುವ ಮಾತು ಕಣ್ಣಿಗೆ ಕಟ್ಟುವಂಥದ್ದು. ಓದಿದವರಿಗೆ ತಕ್ಷಣ ಅವರ ಭಾವನೋ ಪಕ್ಕದ ಮನೆಯವರೋ ನೆನಪಾಗುತ್ತಾರೆ.

ನಿಮ್ಮ ಕೆಲಸದಲ್ಲೂ ಇಂಥ ಗುರುತು ಇದ್ದೇ ಇರುತ್ತದೆ. ಲೋಗೊ ಮಾಡುವವರಿಗೆ ‘ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರುತ್ತಿದ್ದವರು ಈಗ ಅಂಗಡಿಗೆ ಹಾಕಲು ಪ್ಯಾಕೆಟ್ ಮಾಡಿಸುತ್ತಿದ್ದಾರೆ’ ಅನ್ನುವುದು ಗುರುತು. ಅನುವಾದಕರಿಗೆ ‘ಇಂಗ್ಲಿಷ್‌ನಲ್ಲಿ ತರಬೇತಿ ಪುಸ್ತಕ ಮಾಡಿಟ್ಟುಕೊಂಡು ಹಳ್ಳಿಯಲ್ಲಿ ಕಾರ್ಯಕ್ರಮ ಮಾಡುವ ಸಂಸ್ಥೆ’. ಸೇವೆಗಳ ಪಟ್ಟಿ ಉದ್ದ ಮಾಡಬೇಡಿ. ನಾನು ಬ್ಯಾಲೆನ್ಸ್ ಶೀಟ್ ಕೂಡ ಮಾಡಬಲ್ಲೆ, ಅದನ್ನು ಎರಡನೇ ಮೆಸೇಜಿನಲ್ಲಿ ಹೇಳಲೇ ಇಲ್ಲ. ಮೂರರಲ್ಲಿ ಒಬ್ಬ ಗಿರಾಕಿ ಆಮೇಲೆ ಅದನ್ನೂ ನನಗೇ ಕೊಟ್ಟರು.

ಪಟ್ಟಿ ಮಾಡುವುದು

ಫೋನಿನ ಕಾಂಟ್ಯಾಕ್ಟ್, ಹಳೆಯ ಆಫೀಸಿನ ಗ್ರೂಪ್, ಕಾಲೇಜ್ ಗ್ರೂಪ್ ಮೂರನ್ನೂ ತೆರೆದು ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಇವರು ನನ್ನ ಕೆಲಸ ಕಣ್ಣಾರೆ ನೋಡಿದ್ದಾರಾ? ನನಗೆ ಬೇಕಾದಂಥ ಜನ ಇವರಿಗೆ ದಿನವೂ ಸಿಗುತ್ತಾರಾ?

ಕೆಲಸ ನೋಡಿದವರು ನಿಮ್ಮ ಬಗ್ಗೆ ಖಾತ್ರಿಯಾಗಿ ಮಾತಾಡಬಲ್ಲರು. ನನ್ನ ಮ್ಯಾನೇಜರ್, ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು, ಎಚ್‌ಆರ್ ಮೇಡಂ ಈ ಗುಂಪಿನವರು. ಕ್ಲಾಸ್‌ಮೇಟುಗಳು ಸಾಮಾನ್ಯವಾಗಿ ಎರಡನೆಯ ಗುಂಪು. ನಮ್ಮ ಕೆಲಸ ಅವರು ನೋಡಿಲ್ಲ, ಆದರೆ ಎಲ್ಲೆಲ್ಲೋ ಹರಡಿಕೊಂಡಿದ್ದಾರೆ. ದಾವಣಗೆರೆಯಲ್ಲಿ ನನ್ನ ಜೊತೆ ಬಿ.ಕಾಂ ಓದಿದವರಲ್ಲಿ ಒಬ್ಬಳು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದಾಳೆ, ಒಬ್ಬ ಆಡಿಟರ್ ಆಫೀಸಿನಲ್ಲಿದ್ದಾನೆ, ಒಬ್ಬ ಕೈಗಾರಿಕಾ ಶೆಡ್‌ಗಳ ಬಾಡಿಗೆ ನೋಡಿಕೊಳ್ಳುತ್ತಾನೆ. ಸಣ್ಣ ಘಟಕದ ಮಾಲೀಕರು ಇವರಿಗೆ ದಿನ ಬೆಳಗಾದರೆ ಸಿಗುತ್ತಾರೆ.

ಹತ್ತಿರದವರಿಗೆ ಮಾತ್ರ ಬರೆದು ನಿಲ್ಲಿಸಬೇಡಿ. ವರ್ಷಗಟ್ಟಲೆ ಮಾತಾಡದವರಿಗೆ ಬರೆಯಲು ಮುಜುಗರ ಆಗುತ್ತದೆ, ನಿಜ. ಆದರೆ ಹೊಸ ಸುದ್ದಿ ಬರುವುದು ಅವರಿಂದಲೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯದವರ ಮೂಲಕ ನೌಕರಿ ಹಿಡಿದವರನ್ನು ಅವರು ಮಾತಾಡಿಸಿದ್ದರು. ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಅಂದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರಿಗೆಲ್ಲ ಅದು ಅಪರೂಪಕ್ಕೋ ಯಾವಾಗಲೋ ಒಮ್ಮೆಯೋ ಸಿಗುವ ಪರಿಚಯ. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವವರು ನಮಗೂ ಗೊತ್ತಿರುತ್ತಾರೆ. ದೂರದವರ ಬಳಗ ಬೇರೆ. ನನ್ನ ಐದು ಪರಿಚಯಗಳಲ್ಲಿ ನಾಲ್ಕು ಮಾಡಿಸಿದವರ ಜೊತೆ ನಾನು ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಮಾತೇ ಆಡಿರಲಿಲ್ಲ.

ಪಟ್ಟಿಯಿಂದ ಕೆಲವರನ್ನು ತೆಗೆಯಲೂ ಬೇಕು. ಹಳೆಯ ಕಂಪನಿಯ ಗಿರಾಕಿಗಳಿಗೆ ಬರೆಯುವ ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಬಿಟ್ಟ ಮೇಲೆ ಇಷ್ಟು ತಿಂಗಳು ನಮ್ಮ ಗಿರಾಕಿಗಳನ್ನು ಸಂಪರ್ಕಿಸಬಾರದು ಅಂತ ಷರತ್ತು ಇರಬಹುದು. ಕಂಪನಿಯ ಕಂಪ್ಯೂಟರಿನಿಂದ ತಂದ ನಂಬರ್ ಪಟ್ಟಿಯನ್ನಂತೂ ಮುಟ್ಟಲೇಬೇಡಿ. ಇನ್ನೊಂದು ಮಾತು: ನೀವು ಪ್ರಾಕ್ಟೀಸ್ ಮಾಡುವ ಚಾರ್ಟರ್ಡ್ ಅಕೌಂಟೆಂಟ್ ಅಥವಾ ವಕೀಲರಾಗಿದ್ದರೆ ಈ ಲೇಖನದ ಮೆಸೇಜ್ ನಿಮಗಲ್ಲ. ಕೆಲಸ ಕೇಳಿ ಸುತ್ತೋಲೆ ಕಳಿಸುವುದನ್ನು ನಿಮ್ಮ ವೃತ್ತಿಯ ನಿಯಮಗಳೇ ತಡೆಯುತ್ತವೆ. ಆಫೀಸ್ ಶುರು ಮಾಡಿದ ಸುದ್ದಿಯನ್ನು ಎಷ್ಟರ ಮಟ್ಟಿಗೆ ಹೇಳಬಹುದು ಅನ್ನುವುದನ್ನು ನಿಮ್ಮ ಸಂಸ್ಥೆಯ ನಿಯಮ ನೋಡಿಯೇ ತಿಳಿದುಕೊಳ್ಳಿ.

ಮೆಸೇಜ್ ಬರೆಯುವುದು

ಮೊದಲು ಹಳೆಯ ಮ್ಯಾನೇಜರಿಗೆ ನಾನು ಬರೆದದ್ದನ್ನು ಪೂರ್ತಿ ಕೊಡುತ್ತೇನೆ.

‘ಸರ್, ನಮಸ್ಕಾರ. ಅಕೌಂಟ್ಸ್‌ನಲ್ಲಿ 4 ವರ್ಷ ನಿಮ್ಮ ಕೈಕೆಳಗೆ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದವಳು. ಮಾತಾಡಿ ತುಂಬಾ ದಿನ ಆಯ್ತು. ಇವತ್ತು ಒಂದು ಸಹಾಯ ಕೇಳಲು ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಕೆಲಸ ಬಿಟ್ಟೆ ಸರ್. ಈಗ 10ರಿಂದ 40 ಜನ ಇರುವ ಘಟಕಗಳಿಗೆ ತಿಂಗಳ ಸಂಬಳ ಪಟ್ಟಿ, ಪಿಎಫ್, ಇಎಸ್‌ಐ ಕೆಲಸವನ್ನು ಸ್ವಂತವಾಗಿ ಮಾಡಿಕೊಡುತ್ತಿದ್ದೇನೆ. ಬೇರೆ ನೌಕರಿ ಹುಡುಕುತ್ತಿಲ್ಲ.

ನಿಮಗೆ ಜಾಬ್‌ವರ್ಕ್ ಮಾಡಿಕೊಡುವ ಸಣ್ಣ ಘಟಕಗಳಲ್ಲಿ, ಮಾಲೀಕರೇ ರಾತ್ರಿ ಕೂತು ಸಂಬಳದ ಲೆಕ್ಕ ಹಾಕುವವರು ಯಾರಾದರೂ ಇದ್ದಾರಾ? ಬಿಲ್ ಜೊತೆ ಇಎಸ್‌ಐ ಚಲನ್ ಕೊಡಲು ತಡ ಮಾಡುವವರು ಅಂತ ಇಟ್ಟುಕೊಳ್ಳಿ. ಅಂಥ ಒಬ್ಬರು ನೆನಪಾದರೆ, ಅವರನ್ನು ಒಂದು ಮಾತು ಕೇಳಿ, ಅವರು ಹೂಂ ಅಂದರೆ ನನ್ನ ನಂಬರ್ ಕೊಡ್ತೀರಾ? ಅವರಿಗೆ ಕಳಿಸಲು ಚಿಕ್ಕ ಮೆಸೇಜ್ ಇದರ ಕೆಳಗೆ ಬೇರೆಯಾಗಿ ಹಾಕಿದ್ದೇನೆ. ಯಾರೂ ಹೊಳೆಯದಿದ್ದರೂ ಪರವಾಗಿಲ್ಲ ಸರ್.’

ಇದರಲ್ಲಿ ಒಂದೊಂದು ಸಾಲಿಗೂ ಕಾರಣ ಇದೆ.

ನಾನು ಯಾರು ಅಂತ ಮೊದಲೇ ಹೇಳಿದ್ದೇನೆ. ಅವರು ಫೋನ್ ಬದಲಾಯಿಸಿರಬಹುದು, ನನ್ನ ನಂಬರ್ ಅಳಿಸಿ ಹೋಗಿರಬಹುದು. ಹೆಸರು ಹೇಳಿದರೂ ಯಾವ ವಿಭಾಗದವಳು ಅಂತ ನೆನಪಾಗಲು ಒಂದು ಗುರುತು ಬೇಕು. ‘ಸಹಾಯ ಕೇಳಲು’ ಅಂತಲೂ ಮೊದಲೇ ಹೇಳಿದೆ. ‘ಹಾಯ್ ಸರ್, ಹೇಗಿದ್ದೀರಾ?’ ಅಂತ ಮಾತ್ರ ಕಳಿಸಿ, ಅವರು ಉತ್ತರ ಕೊಟ್ಟ ಮೇಲೆ ಎರಡು ದಿನ ಕ್ಷೇಮ ಸಮಾಚಾರ ಮಾತಾಡಿ, ಮೂರನೇ ದಿನ ಕೆಲಸದ ಮಾತು ತೆಗೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಆ ಹೊತ್ತಿಗೆ ಅವರಿಗೆ ‘ಓ, ಇದಕ್ಕಾ ಇಷ್ಟು ದಿನ ಆದ ಮೇಲೆ ನೆನಪಾಗಿದ್ದು’ ಅನ್ನಿಸಿಬಿಡುತ್ತದೆ. ನೇರವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

‘ಬೇರೆ ನೌಕರಿ ಹುಡುಕುತ್ತಿಲ್ಲ’ ಅನ್ನುವ ಮೂರು ಮಾತಿನ ವಾಕ್ಯವನ್ನು ಮರೆಯಬೇಡಿ. ನಮ್ಮಲ್ಲಿ ‘ಕೆಲಸ ಬಿಟ್ಟೆ’ ಅಂದ ತಕ್ಷಣ ಕೇಳಿದವರ ಮನಸ್ಸು ನೌಕರಿ ಕೊಡಿಸುವ ಕಡೆಗೇ ಓಡುತ್ತದೆ. ನನಗೆ ಮೊದಲ ಸಲ ಬಂದ ಲಿಂಕ್‌ಗಳು ಅದೇ ಕಾರಣಕ್ಕೆ ಬಂದವು.

ಮುಖ್ಯವಾದದ್ದು ಚಲನ್‌ನ ಮಾತು. ದೊಡ್ಡ ಕಾರ್ಖಾನೆಗಳು ತಮಗೆ ಕೆಲಸ ಮಾಡಿಕೊಡುವ ಘಟಕಗಳಿಂದ ಬಿಲ್ ಜೊತೆ ಪಿಎಫ್, ಇಎಸ್‌ಐ ಚಲನ್ ಪ್ರತಿ ಕೇಳುವುದುಂಟು. ಅದು ತಡವಾದರೆ ನಮ್ಮ ಮ್ಯಾನೇಜರಿಗೇ ಫಜೀತಿ. ಹಾಗಾಗಿ ನನ್ನನ್ನು ಪರಿಚಯಿಸುವುದು ಅವರಿಗೂ ಉಪಯೋಗವೇ. ಮೆಸೇಜ್ ಪಡೆಯುವವರ ದಿನದ ಕೆಲಸದಲ್ಲಿ ನಿಮ್ಮ ಗಿರಾಕಿ ಎಲ್ಲಿ ಎದುರಾಗುತ್ತಾರೆ ಅಂತ ಯೋಚಿಸಿ, ಆ ಒಂದು ವಾಕ್ಯವನ್ನು ಒಬ್ಬೊಬ್ಬರಿಗೂ ಬದಲಾಯಿಸಿ. ಉಳಿದದ್ದು ಹಾಗೇ ಇದ್ದರೂ ನಡೆಯುತ್ತದೆ.

‘ಅವರನ್ನು ಒಂದು ಮಾತು ಕೇಳಿ’ ಅಂದಿದ್ದು ಮರ್ಯಾದೆಗೆ ಮಾತ್ರವಲ್ಲ. ಕೇಳದೆ ಅವರ ನಂಬರನ್ನೇ ನನಗೆ ಕೊಟ್ಟರೆ ನಾನು ಫೋನ್ ಮಾಡಿದಾಗ ಆ ಮಾಲೀಕರು ‘ಯಾರಮ್ಮಾ ನೀನು?’ ಅನ್ನುತ್ತಾರೆ. ನನ್ನ ಜೊತೆ ಪರಿಚಯ ಮಾಡಿಸಿದವರಿಗೂ ಇರಿಸುಮುರಿಸು. ಮೊದಲೇ ಹೂಂ ಅಂದವರು ಅರ್ಧ ಒಪ್ಪಿದ ಹಾಗೆ.

ಈಗ ಕ್ಲಾಸ್‌ಮೇಟಿಗೆ ಬರೆದದ್ದು. ಇಲ್ಲಿ ‘ಸರ್, ನಮಸ್ಕಾರ’ದ ಭಾಷೆ ಬಳಸಿದರೆ ಯಾರೋ ಬೇರೆಯವರು ಬರೆದಂತೆ ಇರುತ್ತದೆ.

‘ಏನೇ, ಹೆಂಗಿದೀಯಾ? ನಿನ್ನ ಮಗಳ ನಾಮಕರಣಕ್ಕೆ ಬರಕ್ಕಾಗ್ಲಿಲ್ಲ, ಆಮೇಲೆ ಫೋನೂ ಮಾಡ್ಲಿಲ್ಲ. ತಪ್ಪಾಯ್ತು ಕಣೇ. ಈಗ ಒಂದು ಸಹಾಯ ಬೇಕು, ನೇರವಾಗೇ ಕೇಳ್ತೀನಿ. ಗಾರ್ಮೆಂಟ್ಸ್ ಕೆಲ್ಸ ಬಿಟ್ಟೆ. ಸಣ್ಣ ಕಾರ್ಖಾನೆಯವ್ರಿಗೆ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನಾನೇ ಮಾಡ್ಕೊಡ್ತಾ ಇದೀನಿ. ನೌಕರಿ ಬೇಡ ನಂಗೆ. ನಿಮ್ಮ ಬ್ಯಾಂಕಿಗೆ ಮೆಷಿನ್ ಸಾಲಕ್ಕೆ ಬರ್ತಾರಲ್ಲ, ಹತ್ತು ಹನ್ನೆರಡು ಜನ ಇಟ್ಕೊಂಡು ಈಗ ದೊಡ್ಡದು ಮಾಡ್ತಿರೋರು, ಅಂಥೋರು ಯಾರಾದ್ರೂ ಸಂಬಳದ ಲೆಕ್ಕಕ್ಕೆ ಜನ ಇಲ್ಲ ಅಂದ್ರೆ ನನ್ನ ನಂಬರ್ ಅವ್ರಿಗೆ ಕೊಡು. ಅವ್ರ ನಂಬರ್ ನೀನು ನಂಗೆ ಕೊಡಬೇಡ. ನಿನ್ನ ಕೆಲಸಕ್ಕೆ ತೊಂದ್ರೆ ಆಗ್ಬಾರ್ದು.’

ಕೊನೆಯ ಎರಡು ಸಾಲು ಅವಳಿಗೆ ತುಂಬಾ ಸಮಾಧಾನ ಕೊಟ್ಟವಂತೆ. ಬ್ಯಾಂಕಿನವರು ಗ್ರಾಹಕರ ವಿವರ ಹೊರಗೆ ಕೊಡುವ ಹಾಗಿಲ್ಲ. ಆಸ್ಪತ್ರೆ, ಶಾಲೆ, ಆಡಿಟರ್ ಆಫೀಸಿನಲ್ಲಿ ಇರುವವರ ಕಥೆಯೂ ಅದೇ. ನಾವು ಕೇಳುವ ಸಹಾಯ ಅವರ ಕೆಲಸದ ಕಟ್ಟುಪಾಡಿನೊಳಗೆ ಇದೆ ಅಂತ ನಾವೇ ಹೇಳಿಬಿಟ್ಟರೆ ಅವರು ಹಿಂಜರಿಯುವುದಿಲ್ಲ.

ಮುಂದಕ್ಕೆ ಕಳಿಸುವ ಚೀಟಿ

ಮೊದಲ ಸಲ ನಾನು ಇದನ್ನು ಮಾಡಿರಲೇ ಇಲ್ಲ. ಮ್ಯಾನೇಜರ್ ನನ್ನ ಬಗ್ಗೆ ಯಾರಿಗಾದರೂ ಹೇಳಬೇಕೆಂದರೆ ಅವರೇ ಕೂತು ಟೈಪ್ ಮಾಡಬೇಕಿತ್ತು. ಸಂಜೆ ಮಾಡೋಣ ಅಂದುಕೊಂಡು ಮರೆತುಹೋಗುತ್ತದೆ, ಸಹಜ ಅಲ್ವಾ? ಅದಕ್ಕೆ ಬರೆದು ಕೊಡಬೇಕು. ಆದರೆ ಆಪ್ತ ಮೆಸೇಜಿನ ಒಳಗೇ ಸೇರಿಸಬೇಡಿ. ಎರಡನೇ ಮೆಸೇಜಾಗಿ ಬೇರೆಯೇ ಕಳಿಸಿ. ಆಗ ಅವರು ಅದೊಂದನ್ನೇ ಒತ್ತಿ ಹಿಡಿದು ಫಾರ್ವರ್ಡ್ ಮಾಡಬಹುದು. ‘ನಿನ್ನ ಮಗಳ ನಾಮಕರಣ’ ಯಾರೋ ಕಾರ್ಖಾನೆ ಮಾಲೀಕರಿಗೆ ಹೋಗುವುದಿಲ್ಲ.

‘ನಮಸ್ಕಾರ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ 11 ವರ್ಷ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡಿಕೊಂಡ ಅನುಭವ ನನಗಿದೆ. ಈಗ 10ರಿಂದ 40 ಜನರಿರುವ ಘಟಕಗಳಿಗೆ ಇದೇ ಕೆಲಸ ಮಾಡಿಕೊಡುತ್ತೇನೆ. ನೀವು ತಿಂಗಳ ಕೊನೆಗೆ ಹಾಜರಿ ಪುಸ್ತಕದ ಫೋಟೊ ಕಳಿಸಿದರೆ ಸಾಕು. ಸಂಬಳ ಪಟ್ಟಿ, ಪೇಸ್ಲಿಪ್, ಚಲನ್ ಸಿದ್ಧ ಮಾಡಿ ಕೊಡುತ್ತೇನೆ. ಹಣ ನಿಮ್ಮ ಬ್ಯಾಂಕ್ ಖಾತೆಯಿಂದ ನೀವೇ ಕಟ್ಟುತ್ತೀರಿ, ನನ್ನ ಕೈಗೆ ಬರುವುದಿಲ್ಲ. ಮಧ್ಯಾಹ್ನ 2ರಿಂದ 6ರ ನಡುವೆ ಫೋನ್ ಮಾಡಿ.’ ಕೆಳಗೆ ನನ್ನ ಹೆಸರು, ನಂಬರ್.

ಈ ಚೀಟಿ ಓದುವವರು ನನ್ನನ್ನು ನೋಡಿಲ್ಲ. ಅವರ ಮನಸ್ಸಿನಲ್ಲಿರುವ ಎರಡು ಅನುಮಾನಕ್ಕೆ ಇಲ್ಲೇ ಉತ್ತರ ಇರಬೇಕು: ನಾನೇನು ಮಾಡಬೇಕಾಗುತ್ತದೆ, ನನ್ನ ದುಡ್ಡು ಯಾರ ಕೈಗೆ ಹೋಗುತ್ತದೆ. ಹಾಜರಿ ಪುಸ್ತಕದ ಫೋಟೊ ಅನ್ನುವ ಮಾತು ಮೊದಲನೆಯದಕ್ಕೆ, ಖಾತೆಯ ಮಾತು ಎರಡನೆಯದಕ್ಕೆ. ಚೀಟಿ ಇದಕ್ಕಿಂತ ಉದ್ದವಾಗಬಾರದು. ಉದ್ದವಾದರೆ ವಾಟ್ಸಾಪ್ ಅದನ್ನು ಮಡಚಿಬಿಡುತ್ತದೆ, ಪೂರ್ತಿ ಓದಲು ಮತ್ತೊಮ್ಮೆ ಒತ್ತಬೇಕು. ಹೆಸರು ಮತ್ತು ನಂಬರನ್ನು ಚೀಟಿಯಲ್ಲೇ ಬರೆಯಿರಿ. ಫಾರ್ವರ್ಡ್ ಆದ ಮೆಸೇಜಿನಲ್ಲಿ ಮೂಲದವರ ಹೆಸರು, ನಂಬರ್ ಕಾಣುವುದಿಲ್ಲ. ನನ್ನ ಚೀಟಿ ಒಂದು ಸಲ ಮೂರು ಕೈ ದಾಟಿ ಒಬ್ಬರಿಗೆ ತಲುಪಿತ್ತು. ನಂಬರ್ ಇದ್ದದ್ದರಿಂದ ಅವರು ನೇರವಾಗಿ ಫೋನ್ ಮಾಡಿದರು.

ಫೀಸ್ ಎಷ್ಟು ಅಂತ ಚೀಟಿಯಲ್ಲಿ ನಾನು ಹಾಕುವುದಿಲ್ಲ. ಜನರ ಸಂಖ್ಯೆ, ಓಟಿ ಲೆಕ್ಕ, ಹಳೆಯ ಬಾಕಿ ನೋಡದೆ ಹೇಳಿದ ಮೊತ್ತ ಆಮೇಲೆ ಕಟ್ಟಿಹಾಕುತ್ತದೆ. ಆದರೆ ಪರಿಚಯ ಮಾಡಿಸುವವರು ಕೇಳಿದರೆ ಮುಚ್ಚಿಡಬೇಡಿ. ‘ತಿಂಗಳಿಗೆ ಇಷ್ಟರಿಂದ ಶುರು, ಜನ ಜಾಸ್ತಿ ಆದ ಹಾಗೆ ಬದಲಾಗುತ್ತೆ’ ಅಂತ ಕನಿಷ್ಠ ಮೊತ್ತ ಹೇಳಿಬಿಡಿ. ಇಲ್ಲದಿದ್ದರೆ ಅವರು ‘ಪರಿಚಯದವಳು, ಸ್ವಲ್ಪದರಲ್ಲಿ ಮಾಡಿಕೊಡ್ತಾಳೆ’ ಅಂತ ಹೇಳಿಬಿಡುತ್ತಾರೆ. ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ.

ಕಳಿಸುವುದು ಹೇಗೆ, ಯಾವಾಗ

ಬ್ರಾಡ್‌ಕಾಸ್ಟ್ ಬೇಡ. ಒಂದು ಪಟ್ಟಿಗೆ 256 ಜನರ ತನಕ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನಾನು ಮೂರು ವರ್ಷದ ಹಿಂದೆ ನಂಬರ್ ಬದಲಾಯಿಸಿದ್ದೆ. ನನ್ನ 180ರಲ್ಲಿ ಹಳೆಯ ಸಹೋದ್ಯೋಗಿಗಳು ಎಷ್ಟೋ ಜನರಿಗೆ ಮೆಸೇಜೇ ಹೋಗಿರಲಿಲ್ಲ. ತಲುಪದವರ ಹತ್ತಿರ ಒಂದೇ ಟಿಕ್ ನಿಂತಿರುತ್ತದೆ. ಅದನ್ನು ನಾನು ಆಮೇಲೆ ಗಮನಿಸಿದೆ. ಕಾಲೇಜ್ ಗ್ರೂಪಿಗೂ ಮೊದಲೇ ಹಾಕಬೇಡಿ. ಗ್ರೂಪಿನಲ್ಲಿ ಬಂದದ್ದನ್ನು ‘ಬೇರೆ ಯಾರಾದರೂ ನೋಡ್ತಾರೆ’ ಅಂತ ಎಲ್ಲರೂ ಬಿಡುತ್ತಾರೆ. ಗ್ರೂಪಿಗೆ ಹಾಕಿದ ಮೇಲೆ ಒಬ್ಬೊಬ್ಬರಿಗೆ ಕಳಿಸಿದರೆ ಅದೇ ಮೆಸೇಜ್ ಅನ್ನಿಸಿ ಅದರ ಬೆಲೆಯೂ ಹೋಗುತ್ತದೆ.

ದಿನಕ್ಕೆ ಐದಾರು ಮೆಸೇಜ್ ಸಾಕು. ಎಲ್ಲರೂ ಒಂದೇ ದಿನ ಉತ್ತರ ಕೊಟ್ಟರೆ ಸರಿಯಾಗಿ ಮಾತಾಡಲು ಆಗುವುದಿಲ್ಲ. ಮೊದಲ ಐದಾರಕ್ಕೆ ಬಂದ ಉತ್ತರ ನೋಡಿ ಮುಂದಿನವರ ಮೆಸೇಜ್ ತಿದ್ದಲೂ ಅವಕಾಶ ಸಿಗುತ್ತದೆ.

ತಾರೀಖು ನೋಡಿ ಕಳಿಸಿ. ಅಕೌಂಟ್ಸ್‌ನವರಿಗೆ ಹಣ ಕಟ್ಟುವ, ಲೆಕ್ಕ ಸಲ್ಲಿಸುವ ಕೊನೆಯ ದಿನಗಳು ಸಾಲಾಗಿ ಬರುತ್ತವೆ: 7ನೇ ತಾರೀಖು ಟಿಡಿಎಸ್, 11 ಜಿಎಸ್‌ಟಿಆರ್-1, 15 ಪಿಎಫ್ ಮತ್ತು ಇಎಸ್‌ಐ, 20 ಜಿಎಸ್‌ಟಿಆರ್-3ಬಿ. ಈ ನಡುವೆ ಅವರಿಗೆ ತಲೆ ಎತ್ತಲೂ ಆಗುವುದಿಲ್ಲ. 25ರ ನಂತರ ಸಂಬಳದ ಕೆಲಸ. ಹಾಗಾಗಿ ನಾನು 21ರಿಂದ 25ರ ಒಳಗೆ ಬರೆಯುತ್ತೇನೆ. ಮಾರ್ಚ್ ಕೊನೆಯಲ್ಲಿ ಬರೆಯುವುದೇ ಇಲ್ಲ. ಮೇಷ್ಟ್ರುಗಳಿಗೆ ಬರೆಯುವುದಾದರೆ ಪರೀಕ್ಷೆ, ಮೌಲ್ಯಮಾಪನದ ದಿನ ತಪ್ಪಿಸಿ.

ನಿಮ್ಮ ಗಿರಾಕಿಗಳು ಸಾಫ್ಟ್‌ವೇರ್ ಕಂಪನಿಯವರಾದರೆ ಲಿಂಕ್ಡ್‌ಇನ್ ಉಪಯೋಗಕ್ಕೆ ಬರುತ್ತದೆ. ನೀವು ಮಾತಾಡಬೇಕಾದ ವ್ಯಕ್ತಿಯ ಪುಟ ತೆರೆದರೆ ಇಬ್ಬರಿಗೂ ಗೊತ್ತಿರುವವರು ಯಾರು ಅಂತ ತೋರಿಸುತ್ತದೆ. ಆಗ ‘ಇವರನ್ನು ಪರಿಚಯ ಮಾಡಿಸ್ತೀರಾ?’ ಅಂತ ಹೆಸರು ಹಿಡಿದೇ ಕೇಳಬಹುದು. ನನಗೆ ಬೇಕಾದ ಸಣ್ಣ ಘಟಕದ ಮಾಲೀಕರು ಅಲ್ಲಿ ಇಲ್ಲ, ಹಾಗಾಗಿ ನಾನು ವಾಟ್ಸಾಪ್‌ಗೇ ಅಂಟಿಕೊಂಡೆ.

ಉತ್ತರಗಳನ್ನು ಓದುವುದು

ಬರುವ ಉತ್ತರಗಳೇ ಮೆಸೇಜಿನ ತಪ್ಪು ತೋರಿಸುತ್ತವೆ. ನೌಕರಿಯ ಲಿಂಕ್ ಬಂದರೆ ನಿಮ್ಮ ಮೆಸೇಜ್ ಕೆಲಸ ಹುಡುಕುವ ಅರ್ಜಿಯಂತೆ ಓದಿಸಿಕೊಂಡಿದೆ. ‘ಎಷ್ಟು ತಗೋತೀಯಾ?’ ಅಂತ ಬಂದರೆ ಅದು ಒಳ್ಳೆಯ ಲಕ್ಷಣ, ಅವರ ತಲೆಯಲ್ಲಿ ಯಾರೋ ಬಂದಿದ್ದಾರೆ. ಐದಾರು ಜನರಿಂದಲೂ ಬರೀ ಶುಭಾಶಯ ಬಂದರೆ ‘ಎಂಥ ವ್ಯಕ್ತಿ’ ಅನ್ನುವ ವಾಕ್ಯ ಇನ್ನೂ ಮಸುಕಾಗಿದೆ ಅಂತ ಅರ್ಥ. ಉಳಿದವರಿಗೆ ಕಳಿಸುವ ಮೊದಲು ಅದನ್ನೇ ತಿದ್ದಿ.

ಶುಭಾಶಯ ಕಳಿಸಿದವರನ್ನು ಅಲ್ಲಿಗೇ ಬಿಡಬೇಡಿ. ಧನ್ಯವಾದ ಹೇಳಿ, ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿ. ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದ ಅಣ್ಣ ಒಬ್ಬರು ‘ಒಳ್ಳೇದಾಗ್ಲಿ ತಂಗಿ’ ಅಂತ ಮಾತ್ರ ಬರೆದಿದ್ದರು. ಈಗ ಅವರು ಹೊಲಿಗೆ ಮೆಷಿನ್ ಮಾರುವ ಕಂಪನಿಯಲ್ಲಿದ್ದಾರೆ ಅಂತ ನನಗೆ ಗೊತ್ತಿತ್ತು. ‘ಥ್ಯಾಂಕ್ಸ್ ಅಣ್ಣ. ಈಚೆಗೆ ಒಂದೇ ಸಲ ಐದಾರು ಮೆಷಿನ್ ಜಾಸ್ತಿ ತಗೊಂಡೋರು ಯಾರಾದ್ರೂ ಇದಾರಾ?’ ಅಂತ ಕೇಳಿದೆ. ಮೆಷಿನ್ ಹೆಚ್ಚಾದರೆ ಟೈಲರ್‌ಗಳೂ ಹೆಚ್ಚಾಗುತ್ತಾರೆ, ಸಂಖ್ಯೆ ಹತ್ತು ದಾಟುತ್ತದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಇದಾರಲ್ಲ, ಸ್ಕೂಲ್ ಯೂನಿಫಾರಂ ಹೊಲಿಯೋರು. ಹೋದ ತಿಂಗಳು ಆರು ಮೆಷಿನ್ ಹಾಕಿದ್ರು. ಕೇಳ್ತೀನಿ ತಡಿ.’

ಮರುದಿನ ಚೀಟಿ ಫಾರ್ವರ್ಡ್ ಆಯಿತು. ಸಂಜೆ ನಾಲ್ಕಕ್ಕೆ ಆ ಮಾಲೀಕರೇ ಫೋನ್ ಮಾಡಿದರು. ಅವರ ಹತ್ತಿರ 14 ಜನ ಇದ್ದರು. ಶೆಡ್‌ಗೆ ಹೋದಾಗ ಅವರು ತೋರಿಸಿದ ಹಾಜರಿ ಪುಸ್ತಕದಲ್ಲಿ ನೀಲಿ ಪೆನ್ನಿನಲ್ಲಿ ಹಾಜರಿ, ಕೆಂಪು ಪೆನ್ನಿನಲ್ಲಿ ಮುಂಗಡ, ಪೆನ್ಸಿಲ್‌ನಲ್ಲಿ ಓಟಿ ಇತ್ತು. ಮೂರನ್ನೂ ಕೂಡಿ ಕಳೆದು ಅವರ ಹೆಂಡತಿ ಪ್ರತಿ ತಿಂಗಳು ಎರಡು ರಾತ್ರಿ ಕೂರುತ್ತಿದ್ದರು. ಇಎಸ್‌ಐ ನೋಂದಣಿ ಆಗಿರಲಿಲ್ಲ. ಅನ್ವಯವಾದ 15 ದಿನದೊಳಗೆ ಮಾಡಿಸಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಆ ದಿನ ನಾನು ಫೀಸ್ ಬಗ್ಗೆ ಮಾತಾಡಿದ್ದು ಕೊನೆಯ ಐದು ನಿಮಿಷ ಮಾತ್ರ. ಅವರು ನನ್ನ ಮೊದಲ ಕಾಯಂ ಗಿರಾಕಿ.

ಪರಿಚಯ ಮಾಡಿಸಿದವರಿಗೆ ಸುದ್ದಿ ಮುಟ್ಟಿಸುವುದು

ಪರಿಚಯ ಬಂದ ದಿನವೇ ಆ ಕಡೆಯವರ ಜೊತೆ ಮಾತಾಡಿ. ಮೂರು ದಿನ ಬಿಟ್ಟರೆ ಪರಿಚಯ ಮಾಡಿಸಿದವರ ಮಾತು ಹಗುರವಾಗುತ್ತದೆ. ಮಾತಾಡಿದ ಮೇಲೆ ಮಧ್ಯದವರಿಗೆ ಒಂದು ಸಾಲು ಹಾಕಿ: ‘ಅಣ್ಣ, ಮಾತಾಡಿದೆ, ಶನಿವಾರ ಹೋಗ್ತಿದೀನಿ.’ ಭೇಟಿ ಆದ ಮೇಲೆ ಇನ್ನೊಂದು ಸಾಲು. ಕೆಲಸ ಸಿಗದಿದ್ದರೂ ಹೇಳಿ, ಯಾಕೆ ಸಿಗಲಿಲ್ಲ ಅಂತಲೂ ಹೇಳಿ. ‘ಅವರಿಗೆ ಆಡಿಟರೇ ಮಾಡಿಕೊಡ್ತಾರಂತೆ’ ಅಂತ ಒಬ್ಬರಿಗೆ ತಿಳಿಸಿದ್ದಕ್ಕೆ, ‘ಹಂಗಾದ್ರೆ ಅವರ ತಮ್ಮಂದು ಬೇರೆ ಯೂನಿಟ್ ಇದೆ’ ಅಂತ ಅವರೇ ಎರಡನೇ ಹೆಸರು ಕೊಟ್ಟರು.

ಕಮಿಷನ್ ಕೊಡ್ತೀನಿ ಅಂತ ಮೆಸೇಜಿನಲ್ಲಿ ಬರೆಯಬೇಡಿ. ಸ್ನೇಹಕ್ಕೆ ಮಾಡುವ ಕೆಲಸ ಆಗ ವ್ಯಾಪಾರ ಆಗಿಬಿಡುತ್ತದೆ. ಬ್ಯಾಂಕಿನಲ್ಲೋ ಸರ್ಕಾರಿ ಕೆಲಸದಲ್ಲೋ ಇರುವವರಿಗೆ ಅದು ನಿಜವಾದ ತೊಂದರೆ. ಸ್ಟೋರ್ಸ್ ಅಣ್ಣನ ಮನೆಗೆ ನಾನು ದಾವಣಗೆರೆಯಿಂದ ಬೆಣ್ಣೆ ಬಿಸ್ಕತ್ತು ತಂದುಕೊಟ್ಟೆ. ಅಷ್ಟೇ.

ಉತ್ತರವೇ ಕೊಡದವರಿಗೆ ಮೂರು ನಾಲ್ಕು ವಾರ ಬಿಟ್ಟು ಒಂದು ಸಲ ನೆನಪಿಸಿ, ಹೊಸ ವಿಷಯದ ಜೊತೆಗೆ. ‘ಹೋದ ತಿಂಗಳು ಬರೆದಿದ್ದೆ. ಈಗ ಯೂನಿಫಾರಂ ಘಟಕ ಒಂದರ ಕೆಲಸ ಶುರುವಾಗಿದೆ. ಅಂಥವರು ಇನ್ಯಾರಾದರೂ ಕಂಡರೆ ನೆನಪಿಸಿಕೊಳ್ಳಿ.’ ಅದಕ್ಕೂ ಉತ್ತರ ಬರದಿದ್ದರೆ ನಿಲ್ಲಿಸಿ. ಹಾಳೆಯಲ್ಲಿ ಹೆಸರಿನ ಮುಂದೆ ತಾರೀಖು ಬರೆದಿಡಿ, ಇಲ್ಲದಿದ್ದರೆ ಒಬ್ಬರಿಗೇ ಮೂರು ಸಲ ಬರೆದುಬಿಡುತ್ತೀರಿ. ಆ 46ರಲ್ಲಿ 17 ಜನ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಅವರಲ್ಲಿ ಒಬ್ಬರು ಮೊನ್ನೆ ಯಶವಂತಪುರ ಸ್ಟೇಷನ್ನಿನಲ್ಲಿ ಸಿಕ್ಕರು. ‘ನಿಮ್ಮ ಮೆಸೇಜ್ ಇಟ್ಕೊಂಡಿದೀನಿ ಮೇಡಂ, ನಮ್ಮ ಮಾವನವರದ್ದು ಇನ್ನೂ ಎಂಟೇ ಜನ’ ಅಂದರು.